ಪತ್ರದ ಮೇಲೆ ತಲೆ ನೆರಳು

ಕೊಟ್ಟೂರಿನ ಮಟಮಟ ಮಧ್ಯಾಹ್ನ ಅಂಗಳದಲ್ಲಿ ಹಳೇ ಕ್ರಯಪತ್ರ ಹಾಸಿ ಫೋಟೊ ಹೊಡೆದರೆ, ಸರ್ವೆ ನಂಬರಿನ ಮೇಲೆ ಹೊಡೆದವನ ತಲೆಯೇ ಕೂತಿರುತ್ತದೆ. "ಹೊಲ ನಿಂದೋ, ನಿನ್ನ ನೆರಳಿಂದೋ?" ಅಂತ ಹಡಗಲಿಯ ಮಾವ ಕೇಳುವುದು ನ್ಯಾಯವೇ.

ಬಾಗಿಲ ಬದಿಗೆ, ಕರೀ ಕಂಬಳಿಯ ಮೇಲೆ ಹಾಸಿ. ಬೆಳಕು ಪಕ್ಕದಿಂದ ಬರಲಿ. ಕಪ್ಪಿನ ಮೇಲೆ ಹಾಳೆಯ ನಾಲ್ಕು ಮೂಲೆ ಗುರುತು ಸಿಕ್ಕು, ಸ್ಕ್ಯಾನರ್ ಆ್ಯಪ್ ಸೊಟ್ಟಗಿದ್ದದ್ದನ್ನು ನೆಟ್ಟಗೆ ಎಳೆಯುತ್ತದೆ. ನೆರಳು ಓಡಿಸಲು ಕಪ್ಪು-ಬಿಳುಪು ಫಿಲ್ಟರ್ ಒತ್ತಿದಿರೋ, ಮಾಸಿದ ನೇರಳೆ ಮೊಹರೂ ಅದರ ಜೊತೆ ಓಡಿಹೋಗಬಹುದು, ಬಣ್ಣದ್ದೇ ಇಟ್ಟುಕೊಳ್ಳಿ.

ಇನ್ನು ಶಾರ್ಪ್ ಮಾಡುವುದು. ಕೈ ನಡುಗಿ ಕಲಸಿದ ಅಕ್ಷರ ಅದರಿಂದ ಮರಳಿ ಬಾರದು, ಸುತ್ತ ಬಿಳಿ ಅಂಚು ಬಂದೀತು ಅಷ್ಟೇ. ದೊಡ್ಡದು ಮಾಡಿ 'ಧ'ದ ಅಡಿಯ ಸೀಳು ನೋಡಿ. ಅದು ಮುಚ್ಚಿ ಧರ್ಮಪ್ಪ ದರ್ಮಪ್ಪನಾಗಿದ್ದರೆ, ಮತ್ತೆ ಹೊಡೆಯಿರಿ.