ಉದ್ರಿಯೂ ಬೇಡ, ನಗದೂ ಬೇಡ

ಹಿರಿಯೂರಿನಲ್ಲಿ ನನ್ನದೊಂದು ಪೈಪು-ಮೋಟರಿನ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ 'ದಯವಿಟ್ಟು ಉದ್ರಿ ಕೇಳಬೇಡಿ' ಎಂಬ ಬೋರ್ಡಿದೆ. ಬಂದವರು ಅದನ್ನು ಗಟ್ಟಿಯಾಗಿ ಓದಿ, ಅಕ್ಷರ ಚೆನ್ನಾಗಿದೆ ಎಂದು ಮೆಚ್ಚಿ, ಆಮೇಲೆ ಉದ್ರಿ ಕೇಳುತ್ತಾರೆ.

ಇಲ್ಲ ಎನ್ನಲು ಬಾರದಿರುವುದು ನಮ್ಮ ಮನೆತನದ ಕಾಯಿಲೆ. ಅಪ್ಪನ ಕಾಲದಲ್ಲಿ ಒಬ್ಬರು ಮೋಟರು ಒಯ್ದು, 'ಮಾರಿಕಣಿವೆ ಕೋಡಿ ಬಿದ್ದ ದಿನ ಕೊಡ್ತೀನಿ ಸಾಮಿ' ಅಂದಿದ್ದರಂತೆ. ಡ್ಯಾಂ ಕೋಡಿ ಬಿದ್ದದ್ದು 1933ರಲ್ಲಿ, ಅದೂ ಒಂದೇ ಸಲ ಎಂಬುದು ಆಗ ಊರಿಗೆಲ್ಲ ಗೊತ್ತಿತ್ತು. ಅಪ್ಪ ಅದನ್ನೂ ಗಡುವೆಂದೇ ಖಾತೆಯಲ್ಲಿ ಬರೆದಿಟ್ಟರು. 2022ರಲ್ಲಿ, ಎಂಬತ್ತೊಂಬತ್ತು ವರ್ಷದ ಮೇಲೆ ಕೋಡಿ ಬಿದ್ದೇ ಬಿಟ್ಟಿತು! ಊರೆಲ್ಲ ನೀರು ನೋಡಲು ಓಡಿದರೆ, ನಾನು ಖಾತೆ ಪುಸ್ತಕ ಹಿಡಿದು ಅವರ ಮನೆಗೆ ಹೋದೆ. ಮೊಮ್ಮಗ ಬಾಗಿಲು ತೆರೆದು, ತಾತನ ಫೋಟೋಕ್ಕೆ ಹಾಕಿದ ಹಾರ ತೋರಿಸಿ, ಕಾಫಿ ಕೊಟ್ಟು ಕಳಿಸಿದ.

ಇಂಥ ವಂಶದವನ ಅಂಗಡಿ ಮುಂದೆ ಒಂದು ಬಿಳಿ ಬೊಲೆರೊ ಬಂದು ನಿಂತಿತು. ಇಳಿದವರ ಮುಖ ಹೊಸದು, ಮೀಸೆ ಹಳೆಯದು. ಧರ್ಮಪುರದ ಕಡೆ ಹೊಸದಾಗಿ ತೋಟ ಮಾಡಿದ್ದಾರೆ, ದಾಳಿಂಬೆ ಹಾಕುತ್ತಾರೆ, ಕೊಳವೆಬಾವಿಯಿಂದ ನೀರು ತರಬೇಕು. 3 ಇಂಚಿನ ಪಿವಿಸಿ ಪೈಪು, 300 ಲೆಂತ್. ಒಂದಕ್ಕೆ 900ರಂತೆ 2,70,000, ಮೇಲೆ ನೂರಕ್ಕೆ 18ರ ಜಿಎಸ್‌ಟಿ 48,600, ಒಟ್ಟು 3,18,600. ಕ್ಯಾಲ್ಕ್ಯುಲೇಟರ್ ಒತ್ತುವಾಗ ನನ್ನ ಬೆರಳು ನಡುಗಿತು.

'ಕಳಿಸ್ಬಿಡಿ ಸಾವ್ಕಾರ್ರೇ. ಕಟಾವಾಗ್ತಿದ್ದಂಗೆ ದುಡ್ಡು.'

'ಗಿಡ ಯಾವಾಗ ನೆಟ್ರಿ ಗೌಡ್ರೇ?'

'ನೆಡ್ಬೇಕು. ನೀರಿಲ್ದೆ ಹೆಂಗ್ ನೆಡಾದು? ಅದ್ಕೇ ಪೈಪು.'

ನಾನು ಇಲ್ಲ ಅನ್ನಲಿಲ್ಲ, ಕಾರಣ ಹೇಳತೊಡಗಿದೆ. ಕಂಪ್ಯೂಟರು ಹೊಸಬರ ಹೆಸರಿಗೆ ಸಾಲದ ಬಿಲ್ಲು ಹಾಕುವುದಿಲ್ಲ ಅಂದೆ. 'ಕೈಯಾಗ್ ಬರ್ಕೊಡಿ' ಅಂದರು. ಪಾರ್ಟ್ನರನ್ನು ಕೇಳಬೇಕು ಅಂದೆ. 'ನಂಬರ್ ಕೊಡಿ, ನಾನೇ ಮಾತಾಡ್ತೀನಿ.' ನನಗೆ ಪಾರ್ಟ್ನರೇ ಇಲ್ಲ. ಕಂಪನಿಯವರು ನಮಗೂ ಉದ್ರಿ ಕೊಡುತ್ತಿಲ್ಲ ಅಂದಾಗ ಮಾತ್ರ ಅವರಿಗೆ ನಿಜವಾಗಿ ಬೇಜಾರಾಯಿತು. 'ಬದುಕೋದೇ ಕಷ್ಟ ಅಲ್ವಾ ನಿಮ್ದು' ಎಂದು ಸಮಾಧಾನ ಹೇಳಿದರು. ನಾಳೆ ಬನ್ನಿ ಎಂದು ಹೇಗೋ ಸಾಗಹಾಕಿದೆ.

ಅಂಗಡಿಯ ಲೆಕ್ಕ ಬರೆಯುವುದು ನನ್ನ ಹೆಂಡತಿ. ರಾತ್ರಿ ಊಟಕ್ಕೆ ಕೂತಾಗ ಲೆಕ್ಕವನ್ನೂ ಬಡಿಸಿದಳು. 'ರೀ, ಪೈಪಿನಲ್ಲಿ ನಮಗೆ ಸಿಗೋದು ನೂರಕ್ಕೆ ಐದು, ಅಂದ್ರೆ 13,500. ನಮ್ಮ ಕೈಯಿಂದ ಹೋಗೋದು ತೆರಿಗೆ ಸೇರಿ 3,05,100. ಅವರು ಕೊಡಲಿ ಬಿಡಲಿ, ಮುಂದಿನ ತಿಂಗಳು 20ನೇ ತಾರೀಕಿನೊಳಗೆ ಬಿಲ್ಲಿನ ಜಿಎಸ್‌ಟಿ ಲೆಕ್ಕ ನಾವು ಚುಕ್ತಾ ಮಾಡಬೇಕು. ಬ್ಯಾಂಕಿನ ಬಡ್ಡಿ ವರ್ಷಕ್ಕೆ ನೂರಕ್ಕೆ ಹನ್ನೆರಡು ಅಂತ ಹಿಡಿದರೂ ಮೂರು ತಿಂಗಳಿಗೆ 9,000 ದಾಟುತ್ತೆ. ದುಡ್ಡು ಬಂದರೂ ಉಳಿಯೋದು ನಾಲ್ಕೂವರೆ ಸಾವಿರದೊಳಗೆ. ಮುಳುಗಿದರೆ ಇಂಥ ಇಪ್ಪತ್ಮೂರು ಲೋಡು ಮಾರಿ ತುಂಬಿಸಬೇಕು.'

'ಹಂಗಂತ ಅವರಿಗೆ ಹೇಳ್ಲಾ?'

'ಏನೂ ಹೇಳಬೇಡಿ. ಕಾರಣ ಕೊಟ್ಟರೆ ಅವರು ಅದಕ್ಕೊಂದು ಪರಿಹಾರ ಕೊಡ್ತಾರೆ. ಹೊಸಬರಿಗೆಲ್ಲ ನಮ್ಮಲ್ಲಿ ಇದು ಪದ್ಧತಿ ಅನ್ನಿ. ಮಾಲು ಇದೆ, ರೇಟು ಇದು, ಒಂದು ಲಕ್ಷ ಮುಂಗಡ, ಮಿಕ್ಕಿದ್ದು ಲಾರಿಯಿಂದ ಇಳಿಸೋ ಮುಂಚೆ. ಮೂರ್ನಾಲ್ಕು ಬಿಲ್ಲು ಹಿಂಗೆ ನಡೀಲಿ, ಆಮೇಲೆ ಉದ್ರಿ ಮಾತಾಡೋಣ.'

ಪೂರ್ತಿ ದುಡ್ಡು ತೋಟದಲ್ಲೇ ತೊಗೊಂಡರಾಗದೇ, ಮುಂಗಡ ಯಾಕೆ ಎಂದೆ. ಲಾರಿ ಅಲ್ಲಿಗೆ ಹೋದಾಗ ಅವರು ಬೆಂಗಳೂರಿನಲ್ಲಿದ್ದರೆ? ಹೋಗಿ ಬರುವ ಬಾಡಿಗೆ, ಹತ್ತಿಸಿ ಇಳಿಸುವ ಹಮಾಲಿ, ಎಳೆದಾಡಿ ಸೀಳಿದ ಪೈಪು, ಎಲ್ಲ ನಮ್ಮ ತಲೆಗೆ. ಮುಂಗಡ ಕೊಟ್ಟವರು ಮಾಲಿಗೆ ಕಾಯುತ್ತಾರೆ, ಕೊಡದವರಿಗೆ ಲಾರಿಯೇ ಕಾಯಬೇಕು ಎಂದಳು.

ಬೆಳಿಗ್ಗೆ ಗೌಡರು ಬಂದರು. ನಾನು ಪಾಠ ಒಪ್ಪಿಸಿದೆ, ಮೀಸೆ ನೋಡದೆ, ಬೋರ್ಡು ನೋಡುತ್ತಾ. 'ಅಷ್ಟೇನಾ? ನಿನ್ನೇನೇ ಹೇಳಾದಲ್ವಾ' ಎಂದವರೇ ಫೋನು ತೆಗೆದು ಒಂದು ಲಕ್ಷ ಹಾಕಿದರು. ಬ್ಯಾಂಕಿನಲ್ಲಿ ನೋಡಿಕೊಂಡು ರಸೀದಿ ಕೊಟ್ಟೆ. ಬಿಲ್ಲು 50,000 ದಾಟಿದ್ದರಿಂದ ಇ-ವೇ ಬಿಲ್ಲು ಮಾಡಿಸಿ, ಲಾರಿಯಲ್ಲಿ ಡ್ರೈವರ್ ಪಕ್ಕ ನಾನೇ ಕೂತೆ. ಜಗತ್ತು ಗೆದ್ದವನ ಹಾಗೆ ಹೊರಟೆ.

ತೋಟದಲ್ಲಿ ಗೌಡರು ಕಾಯುತ್ತಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ. 'ತಗೊಳ್ಳಿ, 2,18,600. ಪೂರಾ ಕ್ಯಾಶು.'

ಚೀಲಕ್ಕೆ ಕೈ ಹಾಕುವ ಮುಂಚೆ ಹೆಂಡತಿಗೆ ಖುಷಿಯಿಂದ ಫೋನು ಮಾಡಿದೆ. ಮುರುಕು ಮುರುಕು ಸಿಗ್ನಲ್ಲಿನಲ್ಲೂ ಅವಳ ಕೂಗು ಸ್ಪಷ್ಟವಾಗಿತ್ತು: 'ಮುಟ್ಟಬೇಡಿ!' 2017ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡರೆ, ತೆಗೆದುಕೊಂಡಷ್ಟೇ ದಂಡ, ಅದೂ ತೆಗೆದುಕೊಂಡವನಿಗೆ. ಇವತ್ತೊಂದಿಷ್ಟು ನಾಳೆಯೊಂದಿಷ್ಟು ಎಂದು ಒಡೆದರೂ ಬಿಲ್ಲು ಒಂದೇ ಆದ್ದರಿಂದ ಉಪಯೋಗವಿಲ್ಲ.

ಗೌಡರಿಗೆ ವಿಷಯ ಹೇಳಿದೆ. ಅವರು ಸೊಂಟಕ್ಕೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಪೈಪಿನ ಮೇಲೆ ಕೂತಿದ್ದ ಹಮಾಲರೂ ನೋಡಿದರು.

'ಉದ್ರಿ ಬ್ಯಾಡ ಅಂದ್ರಿ, ಕೊಟ್ಟೆ. ಈಗ ರೊಕ್ಕನೂ ಬ್ಯಾಡ ಅಂತೀರ. ನೀವು ಯಾಪಾರಕ್ ಬಂದೀರೋ, ಬೀಗರ ಮನಿಗ್ ಬಂದೀರೋ?'

ಕೊನೆಗೆ 1,90,000 ನಗದು, 28,600 ಫೋನಿನಲ್ಲಿ ಎಂದು ತೀರ್ಮಾನವಾಯಿತು. ಐನೂರರ ನೋಟು 380. ಅಲ್ಲಿನ ಗಾಳಿಯಲ್ಲಿ ನೋಟು ಎಣಿಸುವುದೆಂದರೆ ಶಿಕ್ಷೆ. ಪೈಪು ಅಂಟಿಸುವ ಸಲ್ಯೂಷನ್ ಡಬ್ಬಿ ಹೇರಿ, ಅದರಡಿಯಿಂದ ಒಂದೊಂದೇ ಎಳೆದು ಎಣಿಸಿದೆ. ಎರಡು ಹಾರಿ ಜಾಲಿ ಮುಳ್ಳಿಗೆ ಸಿಕ್ಕಿದವು. ಒಬ್ಬ ಹಮಾಲ ಬಿಡಿಸಿ ತಂದ.

ಫೋನಿಗೆ ಸರಿಯಾಗಿ ಸಿಗ್ನಲ್ ಸಿಗುವುದು ತೋಟದ ಹಿಂದಿನ ಗುಡ್ಡದ ಮೇಲೆ. ಇಬ್ಬರೂ ಹತ್ತಿದೆವು. ಗೌಡರು ಒತ್ತಿ, 'ಹೋತು ನೋಡಿ' ಎಂದು ಹಸಿರು ಟಿಕ್ಕು ತೋರಿಸಿದರು. ಅವರ ಪರದೆಯಲ್ಲಿ ಹೋದದ್ದು ನನ್ನ ಖಾತೆಯಲ್ಲಿ ಬಂದಿರಲಿಲ್ಲ. ಟಿಕ್ಕಿನ ಚಿತ್ರವನ್ನು ಯಾರು ಬೇಕಾದರೂ ತಯಾರಿಸುತ್ತಾರೆ, ಮೆಸೇಜೂ ಸುಳ್ಳಿರಬಹುದು, ನಮ್ಮ ಬ್ಯಾಂಕಿನ ಆ್ಯಪಿನಲ್ಲಿ ಬ್ಯಾಲೆನ್ಸ್ ಏರಿದ್ದು ಕಂಡ ಮೇಲೇ ಇಳಿಸಬೇಕು ಎಂದು ಮನೆಯಿಂದ ಅಪ್ಪಣೆಯಾಗಿತ್ತು. ಹಾಗಾಗಿ ಒಬ್ಬರ ಮುಖ ಒಬ್ಬರು ನೋಡದೆ ಬಂಡೆಯ ಮೇಲೆ ಕೂತೆವು. ಅವರು ಬೀಡಿ ಹಚ್ಚಿದರು. ಬೀಡಿ ಮುಗಿಯುವ ಹೊತ್ತಿಗೆ ದುಡ್ಡು ಬಂತು.

'ಇಳಿಸ್ರಪ್ಪಾ!' ಎಂದು ಗುಡ್ಡದಿಂದಲೇ ಕೂಗಿದೆ.

'ತಡೀರಿ,' ಅಂದರು ಗೌಡರು. 'ನಿಮ್ ಪದ್ಧತಿ ಮುಗೀತು. ಹೊಸ ಅಂಗಡಿ ಅಂದ್ರೆ ನಮ್ದೂ ಒಂದು ಪದ್ಧತಿ ಐತೆ. ಒಂದೊಂದೇ ಎಣ್ಸಿ ಇಳಿಸ್ಬೇಕು.'

ಬಿಸಿಲಿನಲ್ಲಿ ಎಣಿಸಿದೆವು. 298.

ಎರಡನೇ ಸಲವೂ 298. ಲಾರಿ ಕೆಳಗೆ ಬಗ್ಗಿ ನೋಡಿದೆ, ಪೈಪಿನೊಳಗೆ ಪೈಪು ಸೇರಿದೆಯೇ ಎಂದು ಇಣುಕಿದೆ. ಗೋಡೌನಿನಲ್ಲೇ ಉಳಿದಿರಬೇಕು. ಹಲ್ಲು ಕಿರಿದು, 'ಎರಡೇ ಅಲ್ವಾ ಗೌಡ್ರೇ, ನಾಳೆ ಕಳಿಸ್ಕೊಡ್ತೀನಿ' ಅಂದೆ.

'ನಾಳೇನಾ?' ಮೀಸೆ ಮೊದಲ ಸಲ ನಕ್ಕಿತು. 'ಬ್ಯಾಸರ ಮಾಡ್ಕಬ್ಯಾಡಿ ಸಾವ್ಕಾರ್ರೇ. ಮೂರ್ನಾಕು ಬಿಲ್ಲು ನಡೀಲಿ. ಅಲ್ಲೀತನಕ ಹೊಸ ಅಂಗಡಿಗೆ ನಾವು ಉದ್ರಿ ಬಿಡಾದಿಲ್ಲ.'

ಎರಡು ಲೆಂತಿಗೆ ತೆರಿಗೆ ಸೇರಿ 2,124. ಅದೇ ಚೀಲದಿಂದ ನಾಲ್ಕು ನೋಟು ತೆಗೆದುಕೊಟ್ಟೆ. ಬೆಳಕಿಗೆ ಹಿಡಿದು ನೋಡಿ ಜೇಬಿಗಿಟ್ಟುಕೊಂಡರು. ಉಳಿದ 124ಕ್ಕೆ ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ.

ಗೌಡರು ಮಾತಾಡದೆ ಗುಡ್ಡದ ಕಡೆ ಬೆರಳು ತೋರಿಸಿದರು.