ಅಮ್ಮನ ಸೀರೆಗೆ ಬೇರೆ ಬಣ್ಣದ ರವಿಕೆ

ಅಮ್ಮಂದಿರ ಕಾಲದಲ್ಲಿ ರವಿಕೆಗೆ ತಲೆ ಕೆಡಿಸಿಕೊಳ್ಳುವ ಪ್ರಮೇಯವೇ ಇರಲಿಲ್ಲ. ಸೀರೆಯ ಒಡಲು ಯಾವ ಬಣ್ಣವೋ ರವಿಕೆಯೂ ಅದೇ ಬಣ್ಣ. ತೀರಾ ಧೈರ್ಯವಂತರಾದರೆ ಅಂಚಿನ ಬಣ್ಣ. ಈಗಿನ ಫ್ಯಾಷನ್ನಿನಲ್ಲಿ ಅದನ್ನು ‘ಸೆಟ್’ ಎಂದು ಮೂಗು ಮುರಿಯುತ್ತಾರೆ. ಹಾಗಾಗಿ ಅಮ್ಮ ಕೊಟ್ಟ ಗಿಳಿಹಸಿರು ಮೈಸೂರು ಸಿಲ್ಕಿಗೆ ಕಾಂಟ್ರಾಸ್ಟ್ ರವಿಕೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಒಡಲೆಲ್ಲ ಪ್ಲೇನು, ಎರಡು ಬೆರಳಗಲದ ಜರಿ ಅಂಚು. ಇಂಥ ಸೀರೆಯಲ್ಲಿ ಹೂವು, ಬುಟ್ಟಾ ಯಾವುದೂ ಇಲ್ಲದ್ದರಿಂದ ರವಿಕೆ ತಪ್ಪಿದರೆ ಮುಚ್ಚಿಡಲು ಜಾಗವೇ ಇಲ್ಲ.

ಮೊದಲ ತಂಟೆ ಸೀರೆಯ ಬಣ್ಣವನ್ನು ಅಂಗಡಿಗೆ ಒಯ್ಯುವುದು. ಒಳಗೆ ಸಿಕ್ಕಿಸಿಕೊಳ್ಳುವ ತುದಿಯಿಂದ ನಾಲ್ಕು ಎಳೆ ಕಿತ್ತು ಪರ್ಸಿನಲ್ಲಿಟ್ಟುಕೊಂಡು ಹೋಗುವವರುಂಟು. ಆದರೆ ಆ ತುದಿ ವರ್ಷಾನುಗಟ್ಟಲೆ ಬಿಸಿಲು ಕಂಡದ್ದೇ ಇಲ್ಲ, ಅದರ ಹಸಿರು ಇನ್ನೂ ಮದುವಣಗಿತ್ತಿಯ ಹಸಿರೇ. ರವಿಕೆಯ ಪಕ್ಕ ಬರುವುದು ಹೆಗಲ ಮೇಲಿನ ಸೆರಗು. ಅದು ಮಾಸಿ, ಒಂದು ಸುತ್ತು ಹಳದಿಗೆ ತಿರುಗಿರುತ್ತದೆ. ಎರಡೂ ತುದಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಂದೇ ಸೀರೆಯವೆಂದು ನಂಬಿಕೆ ಬರುವುದಿಲ್ಲ. ಆದ್ದರಿಂದ ಸೀರೆಯನ್ನೇ ಚೀಲಕ್ಕೆ ಹಾಕಿಕೊಂಡು ಹೊರಟೆ. ‘ಜೊತೆಗೆ ನಾನೂ ಇರಲಿ’ ಎಂದು ಅಮ್ಮನೂ ಹೊರಟಳು.

ಮ್ಯಾಚಿಂಗ್ ಸೆಂಟರಿನವನು ಸೀರೆ ನೋಡಿದ್ದೇ ತಡ, ರಾಣಿ ಪಿಂಕ್ ಥಾನನ್ನು ಹಲಗೆಯ ಮೇಲೆ ಹರವಿದ. “ಇದೇ ಈಗ ಓಡ್ತಿರೋದು ಮೇಡಂ.” ಓಡುತ್ತಿರಬಹುದು, ಆದರೆ ಆ ಹೊಸ ಹೊಳಪಿನ ಪಕ್ಕ ಅಮ್ಮನ ಸೀರೆ ಇನ್ನೂ ಹತ್ತು ವರ್ಷ ಹಳೆಯದಾಯಿತು. ಮಾಸಿದ ಬಣ್ಣಕ್ಕೆ ಕಾಂಟ್ರಾಸ್ಟೂ ಸ್ವಲ್ಪ ಮಾಗಿದ್ದೇ ಬೇಕು. ಆಮೇಲೆ ಕಿತ್ತಳೆ ಬಂತು. ಅಮ್ಮ ಕನ್ನಡಕ ಏರಿಸಿ ನೋಡಿ, “ಮಧ್ಯೆ ಬಿಳಿ ಒಂದಿಟ್ಟರೆ ಆಗಸ್ಟ್ 15ಕ್ಕೆ ಉಡಬಹುದು” ಎಂದಳು. ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿದೆ. ಕಿತ್ತಳೆಯೂ ಗಿಳಿಹಸಿರೂ ಹೆಚ್ಚುಕಡಿಮೆ ಒಂದೇ ಬೂದಿ ಬಣ್ಣಕ್ಕೆ ಬಂದವು. ಅಂದರೆ ಬಣ್ಣ ಬೇರೆ, ಗಾಢತೆ ಒಂದೇ. ಇಂಥ ಜೋಡಿಯಲ್ಲಿ ಎರಡೂ ಒಂದೇ ದನಿಯಲ್ಲಿ ಕೂಗುತ್ತವೆ, ಯಾವುದೂ ಕೇಳಿಸುವುದಿಲ್ಲ. ಒಂದು ತಿಳಿ, ಇನ್ನೊಂದು ಗಾಢ ಆಗಿದ್ದಾಗಲೇ ಕಾಂಟ್ರಾಸ್ಟ್ ಎದ್ದು ಕಾಣುವುದು.

ಬಣ್ಣಗಳ ಚಕ್ರದಲ್ಲಿ ಹಳದಿ ಬೆರೆತ ಹಸಿರಿಗೆ ಎದುರು ನಿಲ್ಲುವುದು ಕೆಂಪು ಬೆರೆತ ನೇರಳೆ. ಅದನ್ನೇ ಗಾಢ ಮಾಡಿ, ಹೊಳಪು ತಗ್ಗಿಸಿದರೆ ಬದನೆಕಾಯಿ ಬಣ್ಣ. ಆ ಥಾನು ಮೇಲಿನ ಅಟ್ಟದಲ್ಲಿತ್ತು. ಅಂಗಡಿಯವನು ನಿಟ್ಟುಸಿರು ಬಿಟ್ಟು ಏಣಿ ಹತ್ತಿದ. ಹಳದಿ ದೀಪದಡಿ ಅದು ಬರೀ ಕಂದು. ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದ ಮೇಲೆ ನೇರಳೆ ಹೊರಬಿತ್ತು. ಫೋಟೋದಲ್ಲಿ ಒಂದು ತಿಳಿಬೂದಿ, ಇನ್ನೊಂದು ಇದ್ದಿಲ ಕಪ್ಪು. ಪಾಸು.

ಅಷ್ಟರಲ್ಲಿ ಅವನು ಅದೇ ಬಣ್ಣದಲ್ಲಿ ಜರಿ ಬ್ರೊಕೇಡೂ ತೋರಿಸಿದ. ಅಮ್ಮನ ಕಣ್ಣು ಅರಳಿತು, ನಾನು ಬೇಡವೆಂದೆ. ಮೈಸೂರು ಸಿಲ್ಕಿನ ಜರಿಯಲ್ಲಿ ನೂರಕ್ಕೆ 65 ಪಾಲು ಬೆಳ್ಳಿ, ಚಿನ್ನ 0.65 ಪಾಲು. ಬೆಳ್ಳಿ ಕಪ್ಪಡರುವ ಜಾತಿಯದಾದ್ದರಿಂದ ಹಳೆಯ ಅಂಚಿಗೆ ಒಂದು ಮಂದ ಕಾಂತಿ ಬಂದಿರುತ್ತದೆ. ಅದರ ಪಕ್ಕ ಥಳಥಳಿಸುವ ಹೊಸ ಜರಿ ಇಟ್ಟರೆ, ಅಸಲಿಯೇ ನಕಲಿಯಂತೆ ಕಾಣುತ್ತದೆ! ಹೊಳಪಿಲ್ಲದ ರಾ ಸಿಲ್ಕ್, ಮೊಣಕೈವರೆಗಿನ ತೋಳಿಗೆ ಒಂದು ಮೀಟರು, ಜೊತೆಗೆ ಹತ್ತಿಯ ಲೈನಿಂಗ್ ತೆಗೆದುಕೊಂಡೆ. ಲೈನಿಂಗನ್ನು ಹೊಲಿಯುವ ಮೊದಲೇ ನೀರಲ್ಲಿ ನೆನೆಸಿ ಒಣಗಿಸಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ ಮೇಲಿನ ಬಟ್ಟೆಯನ್ನೆಲ್ಲ ಸುಕ್ಕು ಮಾಡುತ್ತದೆ.

ಕೊನೆಯ ಪರೀಕ್ಷೆ ಅಮ್ಮನದೇ. ಮನೆಗೆ ಬಂದು ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಬಟ್ಟೆಯ ಮೂಲೆಗೆ ಗಟ್ಟಿಯಾಗಿ ಉಜ್ಜಿದಳು. ಗಾಢ ರವಿಕೆ ಬಣ್ಣ ಬಿಟ್ಟರೆ, ಕಂಕುಳ ಬೆವರಿಗೆ ತಿಳಿ ಸೀರೆಯ ಗತಿ ಮುಗಿಯಿತು. ಕರ್ಚೀಫಿಗೆ ನಸುನೇರಳೆ ಹತ್ತಿತು. ಬಟ್ಟೆಯನ್ನು ಉಪ್ಪು ನೀರಲ್ಲಿ ಅದ್ದೋಣವೆಂದು ಅಮ್ಮ, ಉಪ್ಪಿನಿಂದ ಬಣ್ಣ ನಿಲ್ಲುವುದಿಲ್ಲವೆಂದು ನಾನು. ವಾದ ಮುಗಿಯುವುದರೊಳಗೆ ಬರೀ ತಣ್ಣೀರಲ್ಲೇ ಜಾಲಿಸಿ ಜಾಲಿಸಿ ಹೆಚ್ಚುವರಿ ಬಣ್ಣವೆಲ್ಲ ಹರಿದುಹೋಗಿತ್ತು. ಮತ್ತೆ ಉಜ್ಜಿದಾಗ ಕರ್ಚೀಫು ಬೆಳ್ಳಗೇ ಉಳಿಯಿತು.

ರವಿಕೆ ಹೊಲಿದು ಬಂದ ಮೇಲೆ ಸೀರೆ ಉಟ್ಟು ಅಮ್ಮನ ಮುಂದೆ ನಿಂತೆ. ಸುತ್ತ ಒಂದು ಪ್ರದಕ್ಷಿಣೆ ಬಂದಳು, ಸೆರಗು ಮುಟ್ಟಿ ನೋಡಿದಳು. ಇದು ತನ್ನ ಸೀರೆಯೇ ಎಂದು ಖಾತ್ರಿಯಾದ ಮೇಲೆ ತೀರ್ಪು ಕೊಟ್ಟಳು: “ಚೆನ್ನಾಗಿದೆ ಕಣೇ. ಆದರೆ ನಾನು ನಿನಗೆ ಉಟ್ಟುಕೋ ಅಂದಿದ್ದು, ಇಟ್ಟುಕೋ ಅಂದಿರಲಿಲ್ಲ.”