ಮದುವೆಮನೆಯ ಎಕ್ಸೆಲ್ಲಪ್ಪ

ಮೊದಲೆಲ್ಲ ನಮ್ಮ ಕೊಪ್ಪಳ ಸೀಮೆಯ ಮದುವೆಗಳಲ್ಲಿ ಹೆಗಲ ಮೇಲೆ ಟವಲ್ ಹಾಕಿಕೊಂಡ ಹಿರಿಯರೊಬ್ಬರು ಇರುತ್ತಿದ್ದರು. ಹಂದರದವನಿಂದ ಹಿಡಿದು ಬಾಜಾಬಜಂತ್ರಿಯವರ ತನಕ ಎಲ್ಲರೂ ಅವರನ್ನೇ ಕೇಳಬೇಕು, ಅವರು ಎಲ್ಲರನ್ನೂ ಬೈಯಬೇಕು, ಮದುವೆ ಆಗಬೇಕು. ಈಗ ಅವರ ಜಾಗಕ್ಕೆ ಬೇರೊಬ್ಬ ಬಂದಿದ್ದಾನೆ. ವಯಸ್ಸು ಮೂವತ್ತರ ಆಚೀಚೆ, ನೌಕರಿ ಬೆಂಗಳೂರಿನಲ್ಲಿ, ಹುಟ್ಟಿದೂರು ಕುಷ್ಟಗಿಯೋ ಯಲಬುರ್ಗಾವೋ. ಹೆಗಲ ಮೇಲೆ ಟವಲ್ ಬದಲು ಲ್ಯಾಪ್‌ಟಾಪ್ ಚೀಲ. ಯಾರನ್ನೂ ಬೈಯುವುದಿಲ್ಲ. ಎಲ್ಲರ ಫೋನಿಗೂ 'ರಿಮೈಂಡರ್' ಕಳಿಸುತ್ತಾನೆ. ಬೈಗುಳವೇ ವಾಸಿಯಿತ್ತು.

ಈ ಜಾತಿಯವರನ್ನು ನಾನು ಎಕ್ಸೆಲ್ಲಪ್ಪ ಎಂದು ಕರೆಯುತ್ತೇನೆ. ಪ್ರತಿ ಮನೆತನದಲ್ಲೂ ಒಬ್ಬ ಇದ್ದಾನೆ. ನಮ್ಮ ಮನೆಯವನು ನನ್ನ ಹೆಂಡತಿಯ ತಮ್ಮ. ಮಗಳ ನಿಶ್ಚಯದ ದಿನ ಎಲ್ಲರೂ ಹೂರಣದ ಹೋಳಿಗೆಗೆ ತುಪ್ಪ ಸುರಿದುಕೊಳ್ಳುತ್ತಿದ್ದರೆ ಇವನು ಮೂಲೆಯಲ್ಲಿ ಕೂತು ಮದುವೆ ಆ್ಯಪ್ ಇಳಿಸಿಕೊಂಡು ನಮ್ಮನ್ನೆಲ್ಲ ಅದರೊಳಗೆ ಸೇರಿಸಿಬಿಟ್ಟ. ನನಗೆ 'ಸ್ಟೇಕ್‌ಹೋಲ್ಡರ್' ಎಂಬ ಪದವಿ ಬಂತು. ದುಡ್ಡು ಕೊಡುವವನು ಎಂದರ್ಥ ಎಂದು ಆಮೇಲೆ ತಿಳಿಯಿತು.

ಆ್ಯಪ್ ನೋಡಲು ಚೆಂದವಿತ್ತು. ಮೆಹಂದಿಯವರಿಗೊಂದು ಮನೆ, ಮೇಕಪ್ಪಿನವರಿಗೊಂದು, ನೃತ್ಯ ಕಲಿಸುವವರಿಗೊಂದು. ಬಾಸಿಂಗ ಕಟ್ಟುವವರಿಗೆ ಇರಲಿಲ್ಲ. ನೀರಿನ ಟ್ಯಾಂಕರಿಗೂ ಇರಲಿಲ್ಲ. ಬೇಸಿಗೆಯಲ್ಲಿ ಈ ಕಡೆ ಮದುವೆ ಮಾಡಿದವರಿಗೆ ಗೊತ್ತು, ಮೇಕಪ್ ತಡವಾದರೆ ಮುಹೂರ್ತ ನಿಲ್ಲುವುದಿಲ್ಲ, ಟ್ಯಾಂಕರ್ ತಡವಾದರೆ ನಿಲ್ಲುತ್ತದೆ. ಐರಾಣಿ ಗಡಿಗೆ ಕೊಡುವ ಕುಂಬಾರಗಿತ್ತಿಯ ಹೆಸರು ಹಾಕಿದಾಗ ಅದು ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು ಎಂದು ಕೇಳಿತು. ಆಕೆಗೆ ಕೊಡುವುದು ಅಕ್ಕಿ, ಬೆಲ್ಲ, ಕಾಯಿ, ಒಂದು ಕುಪ್ಪಸದ ಖಣ, ಮೇಲಿಷ್ಟು ದಕ್ಷಿಣೆ. ಎಕ್ಸೆಲ್ಲಪ್ಪ ಬಹಳ ಹೊತ್ತು ಯೋಚಿಸಿ 'ಇತರೆ' ಎಂದು ಬರೆದ. ಮದುವೆ ಮುಗಿಯುವ ಹೊತ್ತಿಗೆ ನಮ್ಮ ಖರ್ಚಿನಲ್ಲಿ ಬಂಗಾರ ಬಿಟ್ಟರೆ ದೊಡ್ಡ ಬಾಬತ್ತು ಇತರೆಯೇ ಆಗಿತ್ತು.

ಇದನ್ನೆಲ್ಲ ಸಹಿಸಬಹುದು. ನನ್ನ ರಕ್ತದೊತ್ತಡ ಏರಿಸಿದ್ದು ಅವನ 'ಕನ್ಫರ್ಮೇಶನ್'.

ಲಗ್ನಪತ್ರಿಕೆಯನ್ನು ವಾಟ್ಸಾಪಿನಲ್ಲಿ ಕಳಿಸಿ, ಬರುತ್ತೀರೋ ಇಲ್ಲವೋ, ಬಂದರೆ ಎಷ್ಟು ಮಂದಿ ಎಂದು ಕೇಳುವ ಒಂದು ಕೊಂಡಿ ಅಂಟಿಸಿದ. ಐದುನೂರ ಹತ್ತು ಮನೆಗೆ ಹೋಯಿತು. 'ಬರುತ್ತೇವೆ' ಎಂದವರು ನೂರ ನಲವತ್ತು. 'ಬರುವುದಿಲ್ಲ' ಎಂದವರು ಮೂವರು, ಅವರಲ್ಲೊಬ್ಬರು ತಪ್ಪಿ ಒತ್ತಿದ್ದರು. ಉಳಿದವರೆಲ್ಲ ಕೈಮುಗಿದ ಚಿತ್ರ ಕಳಿಸಿದರು. ಕೈಮುಗಿದರೆ ಹೌದೋ ಅಲ್ಲವೋ? ನಮ್ಮಲ್ಲಿ ಬರುವವನೂ ಕೈಮುಗಿಯುತ್ತಾನೆ, ಬಾರದವನು ಇನ್ನಷ್ಟು ಭಕ್ತಿಯಿಂದ ಮುಗಿಯುತ್ತಾನೆ. ಆ್ಯಪಿಗೆ ಇದು ತಿಳಿಯದೆ ಅವರನ್ನೆಲ್ಲ 'ಪೆಂಡಿಂಗ್' ಎಂಬ ತ್ರಿಶಂಕು ಸ್ವರ್ಗದಲ್ಲಿ ಇರಿಸಿತು.

ಎಕ್ಸೆಲ್ಲಪ್ಪ ಬಿಡಲಿಲ್ಲ, ಒಬ್ಬೊಬ್ಬರಿಗೇ ಫೋನು ಹಚ್ಚಿದ. ಗಂಗಾವತಿಯಲ್ಲಿರುವ ನನ್ನ ಸೋದರತ್ತೆಗೂ ಹಚ್ಚಿದ.

"ಅಮ್ಮಾ, ಮದುವಿಗೆ ನೀವು ಬರ್ತೀರೋ, ಬರಂಗಿಲ್ಲೋ? ಹೌದು ಅಥವಾ ಇಲ್ಲ, ಒಂದು ಹೇಳ್ರಿ."

ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬಂತು: "ಯಾಕಪಾ, ನನ್ನ ತಮ್ಮನ ಮೊಮ್ಮಗಳ ಮದುವಿಗೆ ನಾ ಬರಬಾರದು ಅಂತ ಹೇಳಾಕ ಫೋನ್ ಮಾಡಿಯೇನು?"

ಅತ್ತೆ ಮುನಿದ ಸುದ್ದಿ ಸಂಜೆಯೊಳಗೆ ಕನಕಗಿರಿ, ಕಾರಟಗಿ ದಾಟಿತು. ನಾನೂ ಹೆಂಡತಿಯೂ ಸೀರೆ, ಹೂವು, ಹಣ್ಣು ಹಿಡಿದು ಗಂಗಾವತಿಗೆ ಹೋಗಿ, ಕುಂಕುಮ ಹಚ್ಚಿ, "ಅವತ್ತು ಮನ್ಯಾಗ ಒಲಿ ಹಚ್ಚಬ್ಯಾಡ್ರಿ, ಎಲ್ಲಾರೂ ಬರ್ರಿ" ಎಂದು ಬಾಯಿತುಂಬ ಕರೆದು ಬರಬೇಕಾಯಿತು. ಈ ಕಡೆ ಕರೆಯುವುದೆಂದರೆ ಅದು. ಎಷ್ಟು ಮಂದಿ ಬರುತ್ತೀರಿ ಎಂದು ಕೇಳಿದರೆ ಇಷ್ಟೇ ಮಂದಿ ಬನ್ನಿ ಎಂದು ಕೇಳಿಸುತ್ತದೆ. ವಾಪಸು ಬರುವಾಗ ಫೋನು ಟಿಣ್ ಎಂದಿತು. "ಅತ್ತೆ ಸಮಾಧಾನ: ಖರ್ಚು ನಮೂದಿಸಿ."

ಹಾಗಾದರೆ ಮಂದಿಯನ್ನು ಎಣಿಸುವುದು ಹೇಗೆ? ಅಡುಗೆಯ ಭಟ್ಟರು ಯಾರ ಉತ್ತರಕ್ಕೂ ಕಾಯಲಿಲ್ಲ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡು, ಮುಹೂರ್ತ ಎಂದಿಗೆ, ಯಾವ್ಯಾವ ಊರಿನ ಎಷ್ಟೆಷ್ಟು ಮನೆ, ಬೀಗರ ಊರಿಗೆ ಗಾಡಿ ಮಾಡಿದ್ದೀರಾ ಎಂದಷ್ಟೇ ಕೇಳಿದರು. ನಮ್ಮ ಮುಹೂರ್ತ ಬಸವ ಜಯಂತಿಗೆ. ಅದೇ ಅಕ್ಷಯ ತೃತೀಯವೂ ಹೌದು. ಮಠಗಳಲ್ಲಿ ಸಾಮೂಹಿಕ ಮದುವೆ, ಓಣಿಗೆರಡು ಹಂದರ. ಅಂಥ ದಿನ ಒಬ್ಬನ ಕೈಯಲ್ಲಿ ನಾಲ್ಕೈದು ಪತ್ರಿಕೆ ಇರುತ್ತವೆ. ಅವನು ಎಲ್ಲ ಕಡೆ ಮುಖ ತೋರಿಸುತ್ತಾನೆ, ಊಟ ಮಾತ್ರ ಒಂದೇ ಕಡೆ. ಆದ್ದರಿಂದ ಕೊಪ್ಪಳದ 220 ಮನೆಗೆ ಭಟ್ಟರು ಹಿಡಿದದ್ದು ಮನೆಗೆ ಒಂದೂವರೆ ಎಲೆ. ಗಂಗಾವತಿ ಕಡೆಯ 60 ಮನೆಗೆ ಒಂದೊಂದೇ, ಯಾಕೆಂದರೆ ಎಡದಂಡೆ ಕಾಲುವೆಯ ಬೇಸಿಗೆ ಭತ್ತ ಆಗಲೇ ಕೊಯ್ಲಿಗೆ ಬಂದಿರುತ್ತದೆ, ಮಷೀನು ಹೊಲದಲ್ಲಿದ್ದಾಗ ರೈತ ಹಂದರದಲ್ಲಿರುವುದಿಲ್ಲ. ನನ್ನ ಹೆಂಡತಿಯ ತವರು ಕುಷ್ಟಗಿಯ 80 ಮನೆಗೆ ಎರಡೂವರೆ. ಯಲಬುರ್ಗಾ ಸೀಮೆಯ ಬೀಗರ 150 ಮನೆಗೆ ಮೂರು. "ಮೊದಲು ಎರಡು ಹಿಡೀತಿದ್ನಿರಿ," ಎಂದರು ಭಟ್ಟರು, "ಹೆಣ್ಮಕ್ಕಳಿಗೆ ಬಸ್ ಫ್ರೀ ಆದ ಮ್ಯಾಲೆ ಮೂರು." 2023ರ ಜೂನಿನಲ್ಲಿ ಶುರುವಾದ ಶಕ್ತಿ ಯೋಜನೆ ಹುಗ್ಗಿಯ ಹಂಡೆಯ ಮೇಲೂ ಪರಿಣಾಮ ಬೀರಿದೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಇಲ್ಲಿ ಎಕ್ಸೆಲ್ಲಪ್ಪನನ್ನು ಮೆಚ್ಚಬೇಕು. ಭಟ್ಟರು ಬೆರಳು ಮಡಚುತ್ತಿದ್ದಂತೆ ಅವನು ಆ್ಯಪ್ ಮುಚ್ಚಿ ಖಾಲಿ ಶೀಟು ತೆರೆದ. ಒಂದು ಸಾಲಿಗೆ ಒಂದು ಊರು, ಎರಡನೇ ಕಾಲಮ್ಮಿಗೆ ಮನೆಗಳು, ಮೂರನೆಯದಕ್ಕೆ ಭಟ್ಟರ ಲೆಕ್ಕದ ಎಲೆಗಳು. ಕೆಳಗೆ ಇಷ್ಟೇ:

```
=SUMPRODUCT(B2:B5,C2:C5)
```

1040 ಬಂತು. ಭಟ್ಟರು ಬಾಯಿಂದ ಹೇಳಿದ್ದೂ ಸಾವಿರದ ಮೇಲೆ ಐವತ್ತರೊಳಗೆ. ಹುಗ್ಗಿ, ರೊಟ್ಟಿ ಇರುವ ಊಟಕ್ಕೆ ತಲೆಗೆ ನೂರು ಗ್ರಾಂ ಅಕ್ಕಿ ಎಂದರೆ 104 ಕಿಲೋ. "25ರ ಚೀಲ, ನಾಲ್ಕು ಸಾಲಂಗಿಲ್ಲ, ಐದು ಬೇಕು" ಎಂದ ಎಕ್ಸೆಲ್ಲಪ್ಪ. ಭಟ್ಟರು ನಕ್ಕರು. 25 ಕಿಲೋ ತನಕದ ಪ್ಯಾಕೆಟ್ ಅಕ್ಕಿಗೆ 2022ರ ಜುಲೈನಲ್ಲಿ ಜಿಎಸ್‌ಟಿ ಬಿದ್ದಾಗಿನಿಂದ ಪೇಟೆಗೆ 26 ಕಿಲೋ ಚೀಲ ಬಂದಿದೆಯಲ್ಲ, ಅಂಥವು ನಾಲ್ಕಾದರೆ ಸರಿಯಾಗಿ 104. ಆದರೂ ತರಿಸಿದ್ದು ಐದನ್ನೇ. ಬಾಯಿ ಬಿಚ್ಚದ ಚೀಲವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುತ್ತಾರೆ.

ಆಮೇಲೆ ಭಟ್ಟರು ಹೇಳಿದ್ದನ್ನು ಯಾವ ಶೀಟಿನಲ್ಲೂ ನಾನು ಕಂಡಿಲ್ಲ. ಅನ್ನದ ಚಿಂತೆ ಮಾಡಬೇಡಿ, ಪಂಕ್ತಿ ನೋಡಿಕೊಂಡು ಹಂಡೆ ಹಂಡೆಯಾಗಿ ಇಳಿಸಬಹುದು, ಮಂದಿ ಹೆಚ್ಚಾದರೆ ಅರ್ಧ ಗಂಟೆಯಲ್ಲಿ ಇನ್ನೊಂದು. ಗೋಧಿ ಹುಗ್ಗಿ ಹಾಗಲ್ಲ. ಕುಟ್ಟಿದ ಗೋಧಿ ನೆನೆದು, ಗಂಟೆಗಟ್ಟಲೆ ಬೆಂದು, ಬೆಲ್ಲ ಹಿಡಿಯಬೇಕು. ನಸುಕಿನಲ್ಲಿ ಎಷ್ಟಿಟ್ಟಿರೋ ಅಷ್ಟೇ. ಎಣಿಕೆ ತಪ್ಪಿದರೆ ಗೊತ್ತಾಗುವುದು ಮೂರನೇ ಪಂಕ್ತಿಯಲ್ಲಿ, ಬಡಿಸುವವನ ಸೌಟು ಎಲೆಗೆ ತುಸು ಮೇಲೆಯೇ ನಿಂತಾಗ. ಅಂದರೆ ಲೆಕ್ಕ ಹಾಕಬೇಕಾದದ್ದು ಹುಗ್ಗಿಗೆ. ಅದಕ್ಕೆ ಅವರು ಎಣಿಕೆಯ ಮೇಲೆ ನೂರಕ್ಕೆ ಹತ್ತು ಹೆಚ್ಚು ಹಾಕಿದರು, ಅನ್ನಕ್ಕೆ ಹಾಕಲಿಲ್ಲ.

ಇನ್ನು ಮುಯ್ಯಿ. ಮಂಟಪದ ಬಾಗಿಲ ಬಳಿ ಮೇಜು ಹಾಕಿ ನಮ್ಮ ಓಣಿಯ ಮೇಷ್ಟ್ರನ್ನು ಬರೆಯಲು ಕೂರಿಸುವುದು ರೂಢಿ. ಎಕ್ಸೆಲ್ಲಪ್ಪ ಅಲ್ಲೊಂದು ಕ್ಯೂಆರ್ ಫಲಕ ನಿಲ್ಲಿಸಿದ. ಹುಡುಗರು ಸ್ಕ್ಯಾನ್ ಮಾಡಿದರು. ಹಿರಿಯರು ಮೇಷ್ಟ್ರ ಮುಂದೆಯೇ ನಿಂತರು, ಹೆಸರು ಬರೆದದ್ದನ್ನು ಕಣ್ಣಾರೆ ನೋಡಿಯೇ ಊಟಕ್ಕೆ ನಡೆದರು. ಮುಯ್ಯಿ ಕೊಟ್ಟು ತೀರಿಸುವ ಹಣವಲ್ಲ, ತಿರುಗಿ ಬರಬೇಕಾದ ಹಣ. ಅವರ ಮನೆಯ ಮದುವೆಗೆ ನಾವು ಅಷ್ಟಕ್ಕೆ ಸ್ವಲ್ಪ ಸೇರಿಸಿ ಕೊಡಬೇಕು. ಹೀಗಾಗಿ ಕರೆಯಬೇಕಾದವರ ನಿಜವಾದ ಪಟ್ಟಿ ಇರುವುದು ಹಿಂದಿನ ಮದುವೆಯ ಮುಯ್ಯಿ ಬುಕ್ಕಿನಲ್ಲಿ. ಆ್ಯಪ್ ಪ್ರತಿ ಮದುವೆಯನ್ನೂ ಹೊಸದಾಗಿ ಶುರು ಮಾಡುತ್ತದೆ. ನಮ್ಮ ಮದುವೆಗಳು ಹಾಗೆ ಶುರುವಾಗುವುದಿಲ್ಲ.

ಮದುವೆಯ ರಾತ್ರಿ ಎಕ್ಸೆಲ್ಲಪ್ಪ ಒಂದು ಹಾಳೆ ತಂದು ಮದುಮಕ್ಕಳಿಬ್ಬರ ಸಹಿ ಕೇಳಿದ. ಬೀಗರು ಗಾಬರಿಯಾದರು. 1985ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ವರದಕ್ಷಿಣೆ ನಿಷೇಧದ ನಿಯಮದ ಪ್ರಕಾರ ವಧುವಿಗೆ ಬಂದದ್ದನ್ನು ವಧು, ವರನಿಗೆ ಬಂದದ್ದನ್ನು ವರ ಪಟ್ಟಿ ಮಾಡಿಡಬೇಕು ಎಂದು ಅವನು ವಿವರಿಸಿದ. ಯಾವ ವಸ್ತು, ಅಂದಾಜು ಬೆಲೆ, ಕೊಟ್ಟವರು ಯಾರು, ಏನು ಸಂಬಂಧ. ಕೆಳಗೆ ಇಬ್ಬರ ಸಹಿ. ಇಷ್ಟು ಮದುವೆ ಉಂಡ ನನಗೆ ಇದು ಗೊತ್ತೇ ಇರಲಿಲ್ಲ. ಕೇಳದೆ ಕೊಟ್ಟದ್ದಕ್ಕೆ ಮಾತ್ರ ಆ ಪಟ್ಟಿ. ಕೇಳಿ ಪಡೆದದ್ದನ್ನು ಎಷ್ಟು ಚೆಂದ ಪಟ್ಟಿ ಮಾಡಿದರೂ ಅದು ವರದಕ್ಷಿಣೆಯೇ. ಇದನ್ನು ಅವನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ, ಬೀಗರ ಕಡೆ ನೋಡದೆ. ಹಂದರದಲ್ಲಿ ಕೂತ ಎಷ್ಟೋ ಮನೆಗಳ ಹಿರಿಯರು ತಮ್ಮ ಚಪ್ಪಲಿ ಹುಡುಕತೊಡಗಿದರು. ಅವನ ಅಕ್ಕನ ಮದುವೆಯಲ್ಲಿ, ಅಂದರೆ ನನ್ನದರಲ್ಲಿ, ಇಂಥ ಪಟ್ಟಿ ಯಾರೂ ಕೇಳಿರಲಿಲ್ಲ.

ಮದುವೆ ಕಳೆದ ಮೇಲೆ ಅವನು ಹಳೆಯ ಬುಕ್ಕುಗಳನ್ನು ಶೀಟಿಗೆ ಏರಿಸಲು ಕೂತ. ನನ್ನ ಮದುವೆಯದು ರಟ್ಟು ಬಿಚ್ಚಿದ ರೂಲು ಪುಸ್ತಕ, ಅಪ್ಪನ ಅಕ್ಷರ. ಮುಕ್ಕಾಲು ಹೆಸರಿನವರು ಈಗಿಲ್ಲ. ಅವನು ಒಂದೊಂದೇ ಹೆಸರು ಕೂಗುವುದು, ನಾವು ಅವರ ಮಕ್ಕಳು ಯಾರು, ಈಗ ಎಲ್ಲಿದ್ದಾರೆ ಎಂದು ಹೇಳುವುದು. ಒಂದು ಮನೆಗೆ ಐವತ್ತೊಂದು ರೂಪಾಯಿ ತಿರುಗಿ ಕೊಟ್ಟೇ ಇಲ್ಲ ಎಂದು ತಿಳಿಯಿತು. ಅವರ ಮಗ ಯಲಬುರ್ಗಾದಲ್ಲಿದ್ದಾನೆ, ಅವನ ಮಗಳಿಗೆ ಗಂಡು ನೋಡುತ್ತಿದ್ದಾರೆ ಎಂದು ಹೆಂಡತಿ ಹೇಳಿದಳು. ಆ ಸಾಲಿಗೆ ಅವನು ಹಳದಿ ಬಣ್ಣ ಬಳಿದ. ಐವತ್ತೊಂದಕ್ಕೆ ಇಂದಿನ ಬೆಲೆ ಎಷ್ಟು ಎಂದು ಬಡ್ಡಿ ಹಾಕಲು ಹೊರಟಿದ್ದ. ಅಕ್ಕ ಕೈ ಹಿಡಿದು ನಿಲ್ಲಿಸಿದಳು.

ಮೊನ್ನೆ ಮತ್ತೆ ಫೋನು ಟಿಣ್ ಎಂದಿತು. "ಮಾವ, ಈ ಬಸವ ಜಯಂತಿಗೆ ಐದು ಮದುವಿ ಅದಾವು. ಗಂಗಾವತಿ ಮುಂಜಾನೆ, ಆಮ್ಯಾಲೆ ಕೊಪ್ಪಳ, ಕುಕನೂರಾಗ ಊಟ, ಯಲಬುರ್ಗಾ, ಸಂಜಿಗೆ ಕುಷ್ಟಗಿ. ರೂಟು ಹಾಕೀನಿ, ಯಾರಿಗೆ ಎಷ್ಟು ಮುಯ್ಯಿ ಅಂತನೂ ಬರದೀನಿ."

"ಪೆಟ್ರೋಲು ಯಾವ ಕಾಲಮ್ಮಿನಾಗ ಐತಿ?" ಎಂದು ಕೇಳಿದೆ.

"ಇತರೆ, ಮಾವ."